ಎಂಟು ಲಕ್ಷದ ಲೆಕ್ಕ ಮತ್ತು ಒಂದು ಕೃತಜ್ಞತಾಪತ್ರ

ಚಿಕಿತ್ಸಾ ಸಹಾಯ ಸಮಿತಿಯ ಮನವಿ ಕಾಸರಗೋಡು ಸೀಮೆಯ ಯಾವ ಪೇಟೆಗೂ ಹೊಸತಲ್ಲ. ಬಸ್ ತಂಗುದಾಣದ ಪಕ್ಕದಲ್ಲಿ ಫ್ಲೆಕ್ಸ್, ಅದರಲ್ಲಿ ರೋಗಿಯ ಭಾವಚಿತ್ರ, ಕೆಳಗೆ ಖಾತೆಯ ಸಂಖ್ಯೆ ಮತ್ತು ಕ್ಯೂಆರ್ ಚೌಕ. ಮನವಿಯನ್ನು ಬರೆಯಲು ಎಲ್ಲರಿಗೂ ಬರುತ್ತದೆ. ಹಣ ಕೂಡಿಬಂದು, ಖರ್ಚಾಗಿ, ರೋಗಿ ಮನೆಗೆ ಮರಳಿದ ಮೇಲೆ ಬರೆಯಬೇಕಾದ ಪತ್ರ ಮಾತ್ರ ಸಾಮಾನ್ಯವಾಗಿ ಮೂರು ಸಾಲಿನಲ್ಲಿ ಮುಗಿಯುತ್ತದೆ: ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಕೃತಜ್ಞತೆಗಳು, ಭಗವಂತನು ಒಳ್ಳೆಯದನ್ನು ಮಾಡಲಿ, ಇಂತಿ ಸಮಿತಿ. ಕೊಟ್ಟವನು ಅದನ್ನು ಓದಿ ಸಂತೋಷಪಡುತ್ತಾನೆ. ಆದರೆ ಅವನು ಕೊಟ್ಟ ಇನ್ನೂರು ರೂಪಾಯಿ ಎಲ್ಲಿಗೆ ಹೋಯಿತೆಂಬುದು ಅವನಿಗೆ ತಿಳಿಯುವುದಿಲ್ಲ.

ಕುಂಬಳೆಯ ಕಡೆಯ ಒಂದು ಗ್ರಾಮದಲ್ಲಿ ಇಂತಹ ಪತ್ರವೊಂದನ್ನು ಎರಡು ಬಾರಿ ಬರೆಯಬೇಕಾಗಿ ಬಂತು. ಜುಲೈ ತಿಂಗಳಲ್ಲಿ ಅಡಿಕೆ ಮರಗಳಿಗೆ ಎರಡನೆಯ ಸುತ್ತಿನ ಬೋರ್ಡೋ ಮದ್ದು ಬಿಡುತ್ತಿದ್ದ ಮೂವತ್ತೊಂದು ವರ್ಷದ ಕೂಲಿಕಾರನೊಬ್ಬ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು, ಸೊಂಟದ ಕೆಳಗಿನ ಬಲ ಉಳಿಯಲಿಲ್ಲ. ವಾರ್ಡು ಸದಸ್ಯರು ಅಧ್ಯಕ್ಷರಾಗಿ, ಊರಿನ ಕ್ಲಬ್ಬಿನ ಯುವಕನೊಬ್ಬ ಸಂಚಾಲಕನಾಗಿ, ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಕೋಶಾಧಿಕಾರಿಯಾಗಿ ಸಮಿತಿ ರಚನೆಯಾಯಿತು. ಮೂವರ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು, ಯಾರಾದರೂ ಇಬ್ಬರು ಸಹಿ ಹಾಕಿದರಷ್ಟೆ ಹಣ ತೆಗೆಯಬಹುದೆಂದು ಬರೆದುಕೊಟ್ಟರು. ಇದು ಬುದ್ಧಿವಂತಿಕೆಯ ಕೆಲಸ. ರೋಗಿಯ ಸ್ವಂತ ಖಾತೆಗೆ ಹಣ ತರಿಸಿಕೊಂಡರೆ ಅದು ಅವನ ಆದಾಯವೋ ಎಂಬ ತೆರಿಗೆಯ ಪ್ರಶ್ನೆ ಏಳುತ್ತದೆ. ಅವನು ತೀರಿಕೊಂಡರಂತೂ ಉಳಿದ ಹಣ ವಾರಸುದಾರರ ಸ್ವತ್ತೋ ದಾನಿಗಳ ಸ್ವತ್ತೋ ಎಂಬ ಇನ್ನೂ ದೊಡ್ಡ ಪ್ರಶ್ನೆ ಕಾದಿರುತ್ತದೆ.

ಹಣ ನಾಲ್ಕು ದಾರಿಗಳಲ್ಲಿ ಬಂತು. ಖಾತೆಗೆ ನೇರವಾಗಿ ಬಂದದ್ದು 6,18,450 ರೂಪಾಯಿ. ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋದವರು ತಂದ ನಗದು 1,37,300. ಎರಡು ಖಾಸಗಿ ಬಸ್ಸುಗಳು ಒಂದು ದಿನ ಕಾರುಣ್ಯ ಯಾತ್ರೆ ನಡೆಸಿ, ಡೀಸೆಲನ್ನು ಮಾಲಿಕರೇ ಭರಿಸಿ, ಆ ದಿನದ ಸಂಪೂರ್ಣ ಸಂಗ್ರಹ 21,640 ರೂಪಾಯಿಯನ್ನು ಕೊಟ್ಟವು. ಕ್ಲಬ್ಬಿನವರು ಬಿರಿಯಾನಿ ಚಾಲೆಂಜ್ ನಡೆಸಿ ನೂರು ರೂಪಾಯಿಯಂತೆ 620 ಪೊಟ್ಟಣ ಮಾರಿದರು, 62,000 ರೂಪಾಯಿ. ಬ್ಯಾಂಕಿನ ಬಡ್ಡಿ 1,870 ಸೇರಿ ಒಟ್ಟು 8,41,260.

ನವೆಂಬರಿನ ಮೊದಲ ವಾರದಲ್ಲಿ ಮಾಷ್ಟ್ರು ಕೃತಜ್ಞತಾಪತ್ರ ಬರೆದರು. ಅವರ ಕನ್ನಡ ಸೊಗಸಾದದ್ದು. ಪತ್ರದಲ್ಲಿ ಕರ್ಣನೂ ಬಂದಿದ್ದ, ಅಕ್ಷಯಪಾತ್ರೆಯೂ ಬಂದಿತ್ತು. ಮೊತ್ತಕ್ಕೆ ಒಂದೇ ವಾಕ್ಯ ಸಿಕ್ಕಿತ್ತು: ಎಂಟು ಲಕ್ಷಕ್ಕೂ ಮಿಕ್ಕಿದ ಸಂಗ್ರಹವಾಗಿದೆ, ಖರ್ಚಿನ ವಿವರಗಳಿಗೆ ಕೆಳಗಿನ ಲಿಂಕನ್ನು ನೋಡಿರಿ. ಲಿಂಕನ್ನು ಒತ್ತಿದರೆ ತೆರೆದುಕೊಳ್ಳುತ್ತಿದ್ದುದು ಸಂಚಾಲಕನು ಮೊಬೈಲಿನಲ್ಲಿ ತೆಗೆದ ನೂರಾರು ಫೋಟೋಗಳ ಒಂದು ಕಡತ. ಬಿಲ್ಲು, ರಶೀದಿ, ಔಷಧದ ಚೀಟಿ, ಆಂಬ್ಯುಲೆನ್ಸಿನ ವೋಚರು, ಬ್ಯಾಂಕಿನ ಹಾಳೆಗಳು, ಎಲ್ಲವೂ ಇದ್ದವು, ಯಾವುದಕ್ಕೂ ಕ್ರಮವಿರಲಿಲ್ಲ.

ಮೂರನೆಯ ದಿನ ದುಬೈಯಿಂದ ಒಂದು ಕರೆ ಬಂತು. ಕರೆ ಮಾಡಿದವನು ಅದೇ ಶಾಲೆಯಲ್ಲಿ ಮಾಷ್ಟ್ರ ಶಿಷ್ಯನಾಗಿದ್ದವನು; ತಾನೂ ಕೊಟ್ಟು ಗೆಳೆಯರಿಂದಲೂ ಕೊಡಿಸಿದ್ದವನು.

“ಮಾಷ್ಟ್ರೇ, ನೀವು ತಪ್ಪು ತಿಳಿದುಕೊಳ್ಳಬಾರದು. ಇಲ್ಲಿ ರೂಮಿನವರು ಕೇಳುತ್ತಿದ್ದಾರೆ. ನಮಗೆ ಬಂದದ್ದು ಎಂಟು ಲಕ್ಷ ಚಿಲ್ಲರೆ. ಆಸ್ಪತ್ರೆಯ ಕಾಗದಗಳನ್ನು ಕೂಡಿಸಿದರೆ ಹತ್ತಿರ ಹತ್ತಿರ ಹತ್ತು ಲಕ್ಷ ಆಗುತ್ತದೆ. ಅದು ಹೇಗೆ?”

ಮಾಷ್ಟ್ರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಅವರ ಮನೆಯವರು ಆಮೇಲೆ ಹೇಳಿದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಶಿಷ್ಯನೊಬ್ಬ ಲೆಕ್ಕ ಕೇಳಿದನೆಂಬುದಕ್ಕಿಂತಲೂ, ಆ ಕ್ಷಣದಲ್ಲಿ ತಮ್ಮ ಬಳಿ ಉತ್ತರವಿರಲಿಲ್ಲವೆಂಬುದೇ ದೊಡ್ಡ ಸಂಕಟವಾಗಿತ್ತು. ಲೆಕ್ಕ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಉದ್ದೇಶಕ್ಕೆಂದು ನಂಬಿ ಒಪ್ಪಿಸಿದ ಹಣವನ್ನು ಬೇರೆಯದಕ್ಕೆ ಬಳಸಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಂತೆ ನಂಬಿಕೆದ್ರೋಹದ ಅಪರಾಧ. ಹಾಗಿರುವಾಗ ಸಮಿತಿಯಲ್ಲಿ ಕುಳಿತವನಿಗೆ ಪ್ರಾಮಾಣಿಕನಾಗಿದ್ದರಷ್ಟೆ ಸಾಲದು, ಅದು ಕಾಗದದಲ್ಲಿ ಕಾಣಬೇಕು.

ಮರುದಿನ ಕಾಗದಗಳನ್ನೆಲ್ಲ ಮಾಷ್ಟ್ರ ಜಗಲಿಯಲ್ಲಿ ಹರಡಿದಾಗ ಗಂಟು ಬಿಚ್ಚಿತು. ಆಸ್ಪತ್ರೆಯು ದಾಖಲಾದ ದಿನ 1,00,000, ಶಸ್ತ್ರಚಿಕಿತ್ಸೆಯ ಮುನ್ನ 1,50,000, ಅನಂತರ 50,000, ಹೀಗೆ ಮೂರು ಬಾರಿ ಮುಂಗಡ ಕಟ್ಟಿಸಿಕೊಂಡು ಮೂರು ರಶೀದಿ ಕೊಟ್ಟಿತ್ತು. ಬಿಡುಗಡೆಯ ದಿನದ ಅಂತಿಮ ಬಿಲ್ಲು 5,12,760 ರೂಪಾಯಿಯದು. ಅದರಲ್ಲಿ 30,000 ರಿಯಾಯಿತಿ ಕಳೆದು, ಕಟ್ಟಿದ ಮುಂಗಡ 3,00,000 ಕಳೆದು, ಉಳಿದ 1,82,760ನ್ನು ಸಮಿತಿ ಪಾವತಿಸಿತ್ತು, ಅದಕ್ಕೆ ಮತ್ತೊಂದು ರಶೀದಿ. ಕಡತದಲ್ಲಿ ಈ ಐದೂ ಕಾಗದಗಳು ಅಕ್ಕಪಕ್ಕದಲ್ಲಿದ್ದವು. ದುಬೈಯಲ್ಲಿ ಕುಳಿತವರು ಬಿಲ್ಲಿನ ಮೊತ್ತವನ್ನೂ ನಾಲ್ಕು ರಶೀದಿಗಳ ಮೊತ್ತವನ್ನೂ ಕೂಡಿಸಿದ್ದರು: 9,95,520. ನಿಜವಾಗಿ ಆಸ್ಪತ್ರೆಗೆ ಹೋದದ್ದು ನಾಲ್ಕು ರಶೀದಿಗಳ ಮೊತ್ತ ಮಾತ್ರ, ಅಂದರೆ 4,82,760. ಬಿಲ್ಲು ಹೇಳುವುದು ಎಷ್ಟು ಕೊಡಬೇಕೆಂಬುದನ್ನು, ರಶೀದಿ ಹೇಳುವುದು ಎಷ್ಟು ಕೊಟ್ಟೆವೆಂಬುದನ್ನು. ಎರಡನ್ನೂ ಒಂದೇ ರಾಶಿಯಲ್ಲಿ ಹಾಕಿದರೆ ಓದುವವನು ಎರಡು ಬಾರಿ ಎಣಿಸುತ್ತಾನೆ. ಇಲ್ಲಿ ಸಂಖ್ಯೆ ಸಂಗ್ರಹವನ್ನೂ ಮೀರಿದ್ದರಿಂದ ಪ್ರಶ್ನೆ ಬಂತು. ಸಂಗ್ರಹ ಹನ್ನೆರಡು ಲಕ್ಷವಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದುರುದ್ದೇಶದ ಸಮಿತಿಯೊಂದು ಇದೇ ಎರಡು ಎಣಿಕೆಯ ಮರೆಯಲ್ಲಿ ಮೂರು ಲಕ್ಷವನ್ನು ಸದ್ದಿಲ್ಲದೆ ಮಾಯಮಾಡಬಹುದಿತ್ತು ಕೂಡ.

ಎರಡನೆಯ ಪತ್ರ ಬೇರೆಯೇ ರೀತಿಯದಾಯಿತು. ಕರ್ಣ ಹೊರಗುಳಿದ. ಮೊದಲ ಸಾಲಿನಲ್ಲಿಯೇ ದಿನಾಂಕ ಬಂತು: ಈ ಲೆಕ್ಕ ಅಕ್ಟೋಬರ್ 31ರ ಸಂಜೆಯವರೆಗಿನದು. ಇದೊಂದು ಸಾಲಿಲ್ಲದ ಲೆಕ್ಕ ಯಾವ ದಿನವೂ ಪಾಸ್‌ಪುಸ್ತಕಕ್ಕೆ ತಾಳೆಯಾಗುವುದಿಲ್ಲ, ಏಕೆಂದರೆ ವಾಟ್ಸಪ್ಪಿನಲ್ಲಿ ಓಡಾಡುವ ಮನವಿಯ ಚಿತ್ರಕ್ಕೆ ಸಾವಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾದ ಮೇಲೂ ಯಾರೋ ಅದನ್ನು ಮತ್ತೆ ಕಳುಹಿಸುತ್ತಾರೆ, ಇನ್ಯಾರೋ ನೂರು ರೂಪಾಯಿ ಹಾಕುತ್ತಾರೆ. ಇಲ್ಲಿಯೂ ನವೆಂಬರಿನ ಮೊದಲ ಹತ್ತು ದಿನಗಳಲ್ಲಿ ಒಂಬತ್ತು ಜನ ಸೇರಿ 4,150 ರೂಪಾಯಿ ಕಳುಹಿಸಿದ್ದರು. ಅದು ಮುಂದಿನ ಲೆಕ್ಕಕ್ಕೆ ಸೇರುವುದೆಂದು ಪತ್ರದಲ್ಲಿ ಬರೆದು, ಫ್ಲೆಕ್ಸನ್ನು ಇಳಿಸಿ, ಕ್ಯೂಆರನ್ನು ಬ್ಯಾಂಕಿಗೆ ಹೇಳಿ ನಿಲ್ಲಿಸಿದರು.

ಸಂಗ್ರಹ ಹೆಚ್ಚಾದಾಗ ನಿಲ್ಲಿಸಿ ಎಂದು ಹೇಳುವುದು ಬೇಡಿ ಎಂದು ಹೇಳುವುದಕ್ಕಿಂತ ಕಷ್ಟದ ಕೆಲಸ. 2021ರಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಮಾಟೂಲಿನಲ್ಲಿ ಸ್ನಾಯುಕ್ಷಯದ ರೋಗವಿದ್ದ ಮಗುವೊಂದಕ್ಕೆ 18 ಕೋಟಿ ರೂಪಾಯಿಯ ಔಷಧಕ್ಕೆಂದು ಮನವಿ ಹೊರಟಾಗ ಕೆಲವೇ ದಿನಗಳಲ್ಲಿ ಗುರಿ ಮುಟ್ಟಿತು. ಇನ್ನು ಸಾಕು ಎಂದು ಸಮಿತಿ ಸಾರಿದರೂ ಕೊನೆಯ ಎಣಿಕೆ 46 ಕೋಟಿಯನ್ನು ದಾಟಿತು. ಮಿಕ್ಕ ಹಣವನ್ನು ಅದೇ ರೋಗದ ಬೇರೆ ಮಕ್ಕಳಿಗೆಂದು ತೆಗೆದಿಡಲಾಯಿತು. ಮೊತ್ತ ಬಹಿರಂಗವಾಗಿ ಗೊತ್ತಿದ್ದುದರಿಂದಲೇ ಮಿಕ್ಕದ್ದೆಷ್ಟು ಎಂಬ ಮಾತೂ ಬಹಿರಂಗವಾಗಿ ನಡೆಯಿತು.

ಮಾಷ್ಟ್ರ ಪತ್ರದ ಖರ್ಚಿನ ಭಾಗ ಚಿಕ್ಕದು. ಆಸ್ಪತ್ರೆಗೆ 4,82,760. ಹೊರಗಿನಿಂದ ತಂದ ಔಷಧ ಮತ್ತು ಸಾಮಗ್ರಿಗೆ 46,915. ಆಂಬ್ಯುಲೆನ್ಸಿನ ಆರು ಓಡಾಟಕ್ಕೆ 15,000. ಮನೆಗೆ ಬಂದು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯವರಿಗೆ ಒಂದು ಸಲಕ್ಕೆ 500ರಂತೆ 72 ಸಲಕ್ಕೆ 36,000. ಗಾಲಿಕುರ್ಚಿ ಮತ್ತು ಗಾಳಿಹಾಸಿಗೆಗೆ 19,800. ರಶೀದಿ ಮತ್ತು ಫ್ಲೆಕ್ಸ್ ಮುದ್ರಣಕ್ಕೆ 3,900.

ಉಳಿದ ಎರಡು ಬಾಬುಗಳ ಬಗ್ಗೆ ಸಮಿತಿಯಲ್ಲಿ ಚರ್ಚೆ ನಡೆಯಿತು. ಮೊದಲನೆಯದು ಬಿರಿಯಾನಿಯದು. ಅಕ್ಕಿ, ಕೋಳಿ, ಎಣ್ಣೆ, ಪೊಟ್ಟಣ ಸೇರಿ 34,850 ಖರ್ಚಾಗಿತ್ತು, ನಿವ್ವಳ ಉಳಿದದ್ದು 27,150. ಕ್ಲಬ್ಬಿನವರಿಗೆ 62,000 ಎಂದು ಬರೆಸುವ ಆಸೆ, ಅಧ್ಯಕ್ಷರಿಗೆ ನಿವ್ವಳವನ್ನಷ್ಟೆ ತೋರಿಸಿ ಚೊಕ್ಕ ಮಾಡುವ ಆಸೆ. ಮಾಷ್ಟ್ರು ಪೂರ್ಣ ಮೊತ್ತವನ್ನು ಆದಾಯದಲ್ಲಿಯೂ ಖರ್ಚನ್ನು ಖರ್ಚಿನಲ್ಲಿಯೂ ಬರೆದರು. ಪೊಟ್ಟಣ ಕೊಂಡವನಿಗೆ 620 ಎಂಬ ಎಣಿಕೆ ನೆನಪಿರುತ್ತದೆ. ನೂರರಿಂದ ಗುಣಿಸಿ ನೋಡಿದಾಗ ಅವನಿಗೆ 27,150 ಮಾತ್ರ ಕಂಡರೆ ಉಳಿದದ್ದನ್ನು ಯಾರೋ ತಿಂದರೆಂದೇ ಅವನು ಭಾವಿಸುತ್ತಾನೆ. ತಿಂದದ್ದು ಅವನೇ ಎಂಬುದು ಆಗ ಹೊಳೆಯುವುದಿಲ್ಲ.

ಎರಡನೆಯದು 12,000 ರೂಪಾಯಿಯ ಮನೆಸಾಮಾನು. ಗಾಯಾಳುವಿನ ತಾಯಿ ಬೀಡಿ ಕಟ್ಟುವ ಕೆಲಸ ಬಿಟ್ಟು ಮಗನ ಪಕ್ಕದಲ್ಲಿ ಕುಳಿತ ಎರಡು ತಿಂಗಳು ಸಮಿತಿಯೇ ಅಂಗಡಿಯಿಂದ ಅಕ್ಕಿಬೇಳೆ ಕೊಡಿಸಿತ್ತು. ಮನವಿಯಲ್ಲಿದ್ದ ಮಾತು ಚಿಕಿತ್ಸೆ ಎಂದು. ಅಕ್ಕಿ ಚಿಕಿತ್ಸೆಯೇ? ಔಷಧದ ಬಾಬಿಗೆ ಸೇರಿಸಿಬಿಡೋಣ, ಯಾರು ನೋಡುತ್ತಾರೆ ಎಂದು ಒಬ್ಬರು ಸಲಹೆ ಕೊಟ್ಟರು. ಸಲಹೆಯ ಹಿಂದೆ ಒಳ್ಳೆಯ ಮನಸ್ಸೇ ಇತ್ತು. ಆದರೆ ಔಷಧದ ಚೀಟಿಗಳನ್ನು ಕೂಡಿಸಿದವನಿಗೆ 12,000 ಹೆಚ್ಚು ಕಂಡರೆ ಉಳಿದ ಆರೂವರೆ ಲಕ್ಷದ ಮೇಲೂ ಸಂಶಯ ಬೀಳುತ್ತದೆ. ಸಮಿತಿಯು ಆ ಬಗ್ಗೆ ಸಭೆ ಸೇರಿ ನಿರ್ಣಯ ಬರೆದುಕೊಂಡ ದಿನಾಂಕವನ್ನು ಹೇಳಿ, ತಾಯಿಯ ಮನೆಸಾಮಾನಿಗೆ ಎಂದೇ ಪತ್ರದಲ್ಲಿ ಪ್ರತ್ಯೇಕ ಸಾಲು ಹಾಕಿದರು. ಒಬ್ಬ ದಾನಿಯೂ ಆಕ್ಷೇಪ ಎತ್ತಲಿಲ್ಲ. ಒಟ್ಟು ಖರ್ಚು 6,51,225. ಉಳಿಕೆ 1,90,035.

ಇನ್ನು ಲಿಂಕಿನ ವಿಚಾರ. ಹಳೆಯ ಕಡತವನ್ನು ತೆರೆದು ನೋಡುವಾಗ ಮಾಷ್ಟ್ರಿಗೆ ಎರಡು ಸಂಗತಿಗಳು ಕಂಡವು. ಸಂಚಾಲಕನು ಅದನ್ನು ಹಂಚುವಾಗ Anyone with the link ಎಂಬುದರ ಪಕ್ಕದಲ್ಲಿ Viewer ಎನ್ನುವ ಬದಲು Editor ಎಂದು ಆರಿಸಿದ್ದ. ಅಂದರೆ ಲಿಂಕು ಸಿಕ್ಕಿದ ಯಾರು ಬೇಕಾದರೂ ಅದರಲ್ಲಿ ಸೇರಿಸಬಹುದು, ತೆಗೆಯಬಹುದು. ಆಂಬ್ಯುಲೆನ್ಸಿನ ಎರಡು ವೋಚರುಗಳ ಚಿತ್ರ ಆಗಲೇ ಕಾಣೆಯಾಗಿದ್ದವು. ಬೇಕೆಂದು ತೆಗೆದದ್ದಲ್ಲ, ಯಾರದೋ ಬೆರಳು ತಾಗಿದ್ದಿರಬೇಕು. ಮೂಲಕಾಗದಗಳು ಮಾಷ್ಟ್ರ ಕಪಾಟಿನಲ್ಲಿ ಇದ್ದುದರಿಂದ ಬಚಾವಾಯಿತು.

ಎರಡನೆಯ ಸಂಗತಿ ಹೆಚ್ಚು ನೋವಿನದು. ಕಡತದಲ್ಲಿ ಬಿಡುಗಡೆಯ ದಿನದ ವೈದ್ಯಕೀಯ ಸಾರಾಂಶವೂ ಇತ್ತು. ಅವನ ದೇಹದ ಯಾವ ಭಾಗಕ್ಕೆ ಸ್ಪರ್ಶವಿಲ್ಲ, ಮೂತ್ರ ಹೇಗೆ ಹೋಗುತ್ತದೆ, ಮುಂದಿನ ಸಂಸಾರಜೀವನದ ಬಗ್ಗೆ ವೈದ್ಯರ ಅಭಿಪ್ರಾಯವೇನು ಎಂಬುದೆಲ್ಲ ಅದರಲ್ಲಿ ಬರೆದಿತ್ತು. ಆಧಾರ್ ಸಂಖ್ಯೆಯೂ ತಾಯಿಯ ಮೊಬೈಲ್ ಸಂಖ್ಯೆಯೂ ಮೇಲ್ಗಡೆಯೇ ಇದ್ದವು. ಗಾಯಾಳು ಅದನ್ನು ತನ್ನದೇ ಫೋನಿನಲ್ಲಿ ನೋಡಿದ್ದ. ಹತ್ತು ದಿನ ಯಾರಿಗೂ ಹೇಳಿರಲಿಲ್ಲ. ಮಾಷ್ಟ್ರು ಹೊಸ ಪತ್ರವನ್ನು ಓದಿ ಹೇಳಲು ಅವನ ಮನೆಗೆ ಹೋದಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ:

“ಮಾಷ್ಟ್ರೇ, ಊರವರು ಕೊಟ್ಟ ದುಡ್ಡಿನ ಲೆಕ್ಕ ಊರವರಿಗೆ ಕೊಡಿ. ನನ್ನ ಮೈಯ ಲೆಕ್ಕ ಎಲ್ಲರಿಗೂ ಯಾಕೆ?”

ಸಹಾಯ ಪಡೆದವನಿಗೆ ಹೀಗೆ ಕೇಳುವ ಹಕ್ಕು ಇದೆಯೇ ಎಂದು ಆಗ ಜೊತೆಗಿದ್ದ ಸಂಚಾಲಕನ ಮುಖದಲ್ಲಿ ಪ್ರಶ್ನೆ ಮೂಡಿತ್ತು. ಇದೆ. ದಾನಿ ಕೊಟ್ಟದ್ದು ಹಣ. ಅವನು ಕೇಳಬಹುದಾದದ್ದು ಹಣದ ದಾರಿ. ಆ ದಾರಿಯನ್ನು ತೋರಿಸಲು ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ಮತ್ತು ಆಸ್ಪತ್ರೆಯ ಮುದ್ರೆ ಸಾಕು. ವೈದ್ಯಕೀಯ ಸಾರಾಂಶವು ಒಂದು ರೂಪಾಯಿಯನ್ನೂ ಸಾಬೀತುಪಡಿಸುವುದಿಲ್ಲ.

ಅದೇ ಮಾತು ದಾನಿಗಳಿಗೂ ಸಲ್ಲುತ್ತದೆ. ಬ್ಯಾಂಕಿನ ಹಾಳೆಗಳನ್ನು ಇದ್ದಂತೆಯೇ ಹಾಕಿದ್ದರಿಂದ ಯಾರು ಎಷ್ಟು ಕೊಟ್ಟರೆಂಬುದು ಹೆಸರಿನೊಂದಿಗೆ, ಎಷ್ಟೋ ಕಡೆ ಮೊಬೈಲ್ ಸಂಖ್ಯೆಯೊಂದಿಗೆ ಕಾಣುತ್ತಿತ್ತು. ಐವತ್ತು ರೂಪಾಯಿ ಕೊಟ್ಟ ಒಬ್ಬ ಹೆಂಗಸು ದಾರಿಯಲ್ಲಿ ಸಂಚಾಲಕನನ್ನು ಕಂಡು ತಲೆ ತಗ್ಗಿಸಿ ಹೋದಳಂತೆ. ಹಾಗೆಂದು ಪಟ್ಟಿಯನ್ನೇ ತೆಗೆದುಬಿಟ್ಟರೆ ತಾನು ಕೊಟ್ಟದ್ದು ಸೇರಿತೇ ಎಂದು ತಿಳಿಯಲು ದಾನಿಗೆ ದಾರಿಯಿಲ್ಲ. ಈ ತೊಡಕನ್ನು ಬಿಡಿಸಿದವನು ದುಬೈಯ ಶಿಷ್ಯನೇ. ಯುಪಿಐ ಮೂಲಕ ಹಣ ಕಳುಹಿಸಿದ ಪ್ರತಿಯೊಬ್ಬನ ಫೋನಿನಲ್ಲಿಯೂ ಹನ್ನೆರಡು ಅಂಕಿಗಳ ಒಂದು ಉಲ್ಲೇಖಸಂಖ್ಯೆ ಉಳಿಯುತ್ತದೆ, ಅದೇ ಸಂಖ್ಯೆ ಬ್ಯಾಂಕಿನ ಹಾಳೆಯಲ್ಲಿಯೂ ಬರುತ್ತದೆ. ಹೊಸ ಪಟ್ಟಿಯಲ್ಲಿ ಹೆಸರಿಲ್ಲ. ದಿನಾಂಕ, ಆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮತ್ತು ಮೊತ್ತ ಮಾತ್ರ. ಕೊಟ್ಟವನು ತನ್ನ ಸಾಲನ್ನು ಹುಡುಕಿಕೊಳ್ಳಬಲ್ಲ, ನೆರೆಯವನು ಅವನನ್ನು ಗುರುತಿಸಲಾರ.

ನಗದಿಗೆ ಈ ಕೆಲಸವನ್ನು ರಶೀದಿಯ ಸಂಖ್ಯೆ ಮಾಡುತ್ತದೆ. ಆದರೆ ನಗದಿನಲ್ಲಿ ಪಡೆದ ರಶೀದಿಗಿಂತ ಪಡೆಯದ ರಶೀದಿ ಹೆಚ್ಚು ಅಪಾಯದ್ದು. ಸಮಿತಿ 50 ಹಾಳೆಯ 20 ಪುಸ್ತಕ, ಒಟ್ಟು 1,000 ರಶೀದಿ ಮುದ್ರಿಸಿತ್ತು. ಬಳಕೆಯಾದದ್ದು 672, ಅದರಲ್ಲಿ 5 ಬರೆಯುವಾಗ ಹಾಳಾದವು. ಬಳಸದ 328 ಹಾಳೆಗಳು ಎಲ್ಲಿ? ಒಂದು ಖಾಲಿ ಪುಸ್ತಕ ಯಾರದೋ ಚೀಲದಲ್ಲಿ ಉಳಿದರೆ, ಲೆಕ್ಕ ಮುಗಿದ ಮೇಲೂ ಅದರಿಂದ ವಸೂಲಿ ನಡೆಯಬಹುದು, ಯಾವ ಪಾಸ್‌ಪುಸ್ತಕದಲ್ಲಿಯೂ ಅದು ಕಾಣುವುದಿಲ್ಲ. ಮಾಷ್ಟ್ರು ಪುಸ್ತಕ ಒಯ್ದವರ ಮನೆಗಳಿಗೆ ನಡೆದುಹೋಗಿ ಒಂದೊಂದನ್ನೂ ಮರಳಿ ತಂದರು. ಹಾಳಾದ ಐದನ್ನು ಅಡಿಪ್ರತಿಯ ಜೊತೆ ಪಿನ್ ಹಾಕಿ ಇಟ್ಟು, ಬಳಸದವುಗಳಿಗೆ ಅಡ್ಡಗೆರೆ ಎಳೆದರು. ಪತ್ರದಲ್ಲಿ ಈ ಎಣಿಕೆಗೂ ಒಂದು ಸಾಲು ಬಂತು. ಓದುಗರಿಗೆ ಅದು ನೀರಸವೆನಿಸಬಹುದು. ಮಾಷ್ಟ್ರಿಗೆ ಆ ಸಾಲಿನ ಮೇಲೆಯೇ ಹೆಚ್ಚು ಪ್ರೀತಿ.

ಪತ್ರ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಹೊರಟಿತು, ಎರಡರಲ್ಲಿಯೂ ಬಾಬುಗಳು ಒಂದೇ ಕ್ರಮದಲ್ಲಿ, ಮೊತ್ತಗಳು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ. ಫೋನು ಬಳಸದವರಿಗಾಗಿ ಅದರ ಪ್ರತಿಯನ್ನು ಗ್ರಂಥಾಲಯದ ಫಲಕಕ್ಕೆ ಅಂಟಿಸಿ, ಮೂಲಕಾಗದಗಳನ್ನು ನೋಡಬಯಸುವವರು ಭಾನುವಾರ ಬೆಳಗ್ಗೆ ಅಲ್ಲಿಗೆ ಬರಬಹುದೆಂದು ಬರೆದರು. ಮೊದಲ ಭಾನುವಾರ ನಾಲ್ವರು ಬಂದರು. ಒಬ್ಬ ಮುದುಕರು ತಮ್ಮ ರಶೀದಿಯನ್ನು ಪಂಚೆಯ ಮಡಿಲಿನಿಂದ ತೆಗೆದು, ಪಟ್ಟಿಯಲ್ಲಿ ಸಂಖ್ಯೆಯನ್ನು ಬೆರಳಿಟ್ಟು ನೋಡಿ, ಏನೂ ಹೇಳದೆ ಹೋದರು. ತೆರಿಗೆ ರಿಯಾಯಿತಿ ಸಿಗುತ್ತದೆಯೇ ಎಂದು ಕೇಳಿದ ವ್ಯಾಪಾರಿಯೊಬ್ಬರಿಗೆ, 80ಜಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟರೆ ಮಾತ್ರ ಅದು ಸಾಧ್ಯ, ಊರಿನ ಸಮಿತಿಯ ರಶೀದಿಗೆ ಇಲ್ಲವೆಂದು ತಿಳಿಸಲಾಯಿತು.

ಉಳಿಕೆಯ ಬಗ್ಗೆ ಇನ್ನೊಂದು ಸಲಹೆ ಬಂದಿತ್ತು. ಪಕ್ಕದ ವಾರ್ಡಿನಲ್ಲಿ ಮೂತ್ರಪಿಂಡದ ರೋಗಿಯೊಬ್ಬನಿದ್ದ. ಉಳಿದ ಹಣವನ್ನು ಅವನಿಗೆ ಕೊಡಬಾರದೇಕೆ? ಮಾಟೂಲಿನ ಉದಾಹರಣೆಯನ್ನೂ ಅವರೇ ಎತ್ತಿದರು. ಆದರೆ ಅಲ್ಲಿ ಒಂದೇ ಔಷಧ, ಅದರ ಬೆಲೆ ಗೊತ್ತಿತ್ತು, ಮಿಕ್ಕದ್ದು ನಿಜವಾಗಿಯೂ ಮಿಕ್ಕದ್ದು. ಇಲ್ಲಿ ಗಾಯಾಳುವಿಗೆ ಫಿಸಿಯೋಥೆರಪಿಗೇ ತಿಂಗಳಿಗೆ ಹದಿನೈದು ಸಾವಿರದ ಹತ್ತಿರ ಬೇಕು. ಅದರ ಮೇಲೆ ಮೂತ್ರದ ನಳಿಕೆ ಮತ್ತು ಚೀಲವನ್ನು ಕ್ರಮವಾಗಿ ಬದಲಿಸುತ್ತಿರಬೇಕು, ಬೆನ್ನಿನ ಚರ್ಮ ಹುಣ್ಣಾಗದಂತೆ ನೋಡಿಕೊಳ್ಳಬೇಕು. 1,90,035 ಎಂಬುದು ಹೆಚ್ಚೆಂದರೆ ಒಂದು ವರ್ಷದ ದಾರಿ. ಅವನ ಹೆಸರು ಹೇಳಿ ತಂದ ಹಣವನ್ನು ಅವನಿಗೆ ಇನ್ನೂ ಬೇಕಾಗಿರುವಾಗ ಬೇರೆಡೆಗೆ ತಿರುಗಿಸಲು ಸಮಿತಿಗೆ ಅಧಿಕಾರವಿಲ್ಲ, ಆ ಬೇರೆಡೆಯ ಕಷ್ಟ ಎಷ್ಟೇ ನಿಜವಾಗಿದ್ದರೂ. ಮೂತ್ರಪಿಂಡದ ರೋಗಿಗೆ ಬೇರೆ ಮನವಿ ಬೇಕು, ಬೇರೆ ಖಾತೆ ಬೇಕು.

1,50,000 ರೂಪಾಯಿಯನ್ನು ಆರು ತಿಂಗಳ ಠೇವಣಿಯಲ್ಲಿಟ್ಟು, 40,035ನ್ನು ತಿಂಗಳ ಖರ್ಚಿಗೆಂದು ಖಾತೆಯಲ್ಲಿ ಉಳಿಸಿಕೊಳ್ಳಲಾಗಿದೆ. ನವೆಂಬರಿನಲ್ಲಿ ತಡವಾಗಿ ಬಂದ 4,150 ಅದರ ಜೊತೆಗಿದೆ. ಲಿಂಕು ಈಗ Viewer ಆಗಿದೆ. ಮುಂದಿನ ಲೆಕ್ಕ ಏಪ್ರಿಲ್ 30ಕ್ಕೆ ಎಂದು ಪತ್ರದ ಕೊನೆಯಲ್ಲಿ, ಮೂವರ ಸಹಿಯ ಮೇಲ್ಗಡೆ, ಮಾಷ್ಟ್ರು ಬರೆದಿದ್ದಾರೆ.